ಸಮಾಕ್ಷ ಕೇಬಲ್: ಎಪ್ಪತ್ತೈದು ಓಮ್ ಎಲ್ಲಿದೆ?

ತರಗತಿ: ಹನ್ನೆರಡನೆಯ ತರಗತಿ, ಭೌತವಿಜ್ಞಾನ
ಪೂರ್ವಜ್ಞಾನ: ಗೌಸನ ನಿಯಮ, ಆಂಪಿಯರನ ನಿಯಮ, ಫ್ಯಾರಡೆಯ ಪ್ರೇರಣಾ ನಿಯಮ, ಧಾರಕತೆ, ಪ್ರೇರಕತೆ
ಸಾಮಗ್ರಿ: ಹತ್ತು ಮೀಟರ್ ಆರ್‌ಜಿ-59 ಕೇಬಲ್, ಧಾರಕತೆಯನ್ನೂ ಅಳೆಯಬಲ್ಲ ಮಲ್ಟಿಮೀಟರ್, ಅಡ್ಡಳತೆಗೆ ಸ್ಕ್ರೂಗೇಜು

ಪಾಠದ ಪ್ರವೇಶ

ದೂರದರ್ಶನಕ್ಕೆ ಬರುವ ಕಪ್ಪು ತಂತಿಯನ್ನು ಮಕ್ಕಳು ‘ಕೇಬಲ್ ವೈರ್’ ಅಥವಾ ‘ಡಿಶ್ ವೈರ್’ ಎಂದು ಬಲ್ಲರು. ಅದರ ಹೊದಿಕೆಯ ಮೇಲೆ ಸಾಮಾನ್ಯವಾಗಿ 75 ಓಮ್ ಎಂಬ ಮುದ್ರೆಯಿರುತ್ತದೆ. ಪಾಠವನ್ನು ಈ ಮುದ್ರೆಯಿಂದಲೇ ಆರಂಭಿಸುವುದು ಉಚಿತ. ಹತ್ತು ಮೀಟರ್ ಕೇಬಲನ್ನು ಮೇಜಿನ ಮೇಲಿರಿಸಿ, ಈ ಎಪ್ಪತ್ತೈದು ಓಮನ್ನು ಮೀಟರಿನಲ್ಲಿ ತೋರಿಸುವಂತೆ ವಿದ್ಯಾರ್ಥಿಗಳಿಗೆ ಹೇಳಬೇಕು.

ಅವರು ಮೊದಲು ಒಳತಂತಿಯ ಎರಡು ತುದಿಗಳಿಗೆ ಮೀಟರನ್ನು ಜೋಡಿಸುತ್ತಾರೆ. ಒಂದೆರಡು ಓಮ್‌ಗಿಂತ ಹೆಚ್ಚು ಕಾಣುವುದಿಲ್ಲ. ಹೊರಗಿನ ಹೆಣಿಗೆಯ ಎರಡು ತುದಿಗಳ ನಡುವೆ ಅದಕ್ಕಿಂತಲೂ ಕಡಿಮೆ. ಕೊನೆಗೆ ಒಳತಂತಿಗೂ ಹೆಣಿಗೆಗೂ ನಡುವೆ ಅಳೆದರೆ ಮೀಟರು ಏನನ್ನೂ ತೋರಿಸುವುದಿಲ್ಲ. ಅಲ್ಲಿ ಪರಿಪಥವೇ ಇಲ್ಲ. ಕೇಬಲನ್ನು ಅರ್ಧಕ್ಕೆ ಕತ್ತರಿಸಿದರೂ ಮುದ್ರೆಯಲ್ಲಿ 75 ಓಮ್ ಎಂದೇ ಇರುತ್ತದೆ. ಹಾಗಾದರೆ ಮುದ್ರೆ ಸುಳ್ಳೇ, ಮೀಟರು ಸುಳ್ಳೇ?

ಈ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ ವಿದ್ಯಾರ್ಥಿಯು ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಪಡೆಯಬಹುದು. ಆದರೆ ಪುಸ್ತಕದ ಓಮ್ ಬೇರೆ, ಮೀಟರಿನ ಓಮ್ ಬೇರೆ ಎಂಬ ಸಂಶಯ ಮನಸ್ಸಿನಲ್ಲಿ ಉಳಿದೇಬಿಡುತ್ತದೆ. ಇಲ್ಲಿ ಪದಗಳ ಬಳಕೆಯಲ್ಲಿಯೂ ಎಚ್ಚರ ಬೇಕು. ಶಾಖವಾಗಿ ಶಕ್ತಿಯನ್ನು ಕಳೆಯುವ ಗುಣಕ್ಕೆ ‘ರೋಧ’ ಎಂಬ ಪದವನ್ನೇ ಮೀಸಲಿಡಬೇಕು. ಕೇಬಲಿನ ಮೇಲೆ ಮುದ್ರಿತವಾದದ್ದು ರೋಧವಲ್ಲ, ‘ಲಾಕ್ಷಣಿಕ ಪ್ರತಿಬಾಧೆ’. ಎರಡಕ್ಕೂ ಏಕಮಾನ ಓಮ್ ಆದುದರಿಂದಲೇ ಗೊಂದಲ ಹುಟ್ಟುತ್ತದೆ. ಪರೀಕ್ಷೆಯಲ್ಲಿ ಇಂಪೀಡೆನ್ಸ್ ಎಂಬ ಪದವೇ ಎದುರಾಗಬಹುದಾದ್ದರಿಂದ ಎರಡು ಪದಗಳನ್ನೂ ಕರಿಹಲಗೆಯ ಮೇಲೆ ಒಟ್ಟಿಗೆ ಬರೆದಿಡುವುದು ಒಳ್ಳೆಯದು.

ಕೇಬಲಿನ ಒಳರಚನೆ

ಕೇಬಲಿನ ತುದಿಯನ್ನು ಬ್ಲೇಡಿನಿಂದ ಸುಲಿದು ತೋರಿಸಬೇಕು. ನಟ್ಟನಡುವೆ ಒಂದು ತಂತಿ, ಅದರ ಸುತ್ತ ಬಿಳಿಯ ಪಾಲಿಥೀನ್, ಅದರ ಮೇಲೆ ಲೋಹದ ಹೆಣಿಗೆ, ಎಲ್ಲದರ ಹೊರಗೆ ಕಪ್ಪು ಪಿವಿಸಿ ಹೊದಿಕೆ. ತಂತಿಯೂ ಹೆಣಿಗೆಯೂ ಒಂದೇ ಅಕ್ಷವನ್ನು ಹೊಂದಿರುವುದರಿಂದ ಇದು ಸಮಾಕ್ಷ ಕೇಬಲ್. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿ ಈ ರಚನೆಗೆ ಪೇಟೆಂಟ್ ಪಡೆದನು. ಈ ಪಾಠದಲ್ಲಿ ಬರುವ ವಿಚಾರಗಳಿಗೆ ತಳಹದಿಯಾದ ಸಮೀಕರಣಗಳೂ ಅವನವೇ.

ಒಳತಂತಿಯ ತ್ರಿಜ್ಯವನ್ನು a ಎಂದೂ ಪಾಲಿಥೀನಿನ ಹೊರತ್ರಿಜ್ಯವನ್ನು b ಎಂದೂ ಕರೆಯೋಣ. ಆರ್‌ಜಿ-59 ಕೇಬಲಿನಲ್ಲಿ ಒಳತಂತಿಯ ವ್ಯಾಸ 0.58 ಮಿ.ಮೀ., ಪಾಲಿಥೀನಿನ ವ್ಯಾಸ 3.7 ಮಿ.ಮೀ. ಆದುದರಿಂದ a = 0.29 ಮಿ.ಮೀ., b = 1.85 ಮಿ.ಮೀ., b/a = 6.38. ಗಟ್ಟಿ ಪಾಲಿಥೀನಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 2.25. ಕೇಬಲಿನ ಗುಣಗಳನ್ನೆಲ್ಲ ಈ ಎರಡು ಸಂಖ್ಯೆಗಳಿಂದಲೇ ಪಡೆಯಬಹುದು. ಇದೇ ಬೆಲೆಗಳು ದೊರೆಯಬೇಕಾದರೆ ಗಟ್ಟಿ ಪಾಲಿಥೀನಿನ ಕೇಬಲನ್ನೇ ತರಬೇಕು. ಇಂದು ಹೆಚ್ಚಾಗಿ ಸಿಗುವ ಆರ್‌ಜಿ-6 ಕೇಬಲಿನ ಒಳಗೆ ನೊರೆಯಂತಹ ಪಾಲಿಥೀನ್ ಇರುತ್ತದೆ. ಅದರ ಲೆಕ್ಕ ಬೇರೆ.

ಎರಡು ಕ್ಷೇತ್ರಗಳು, ಒಂದೇ ರೂಪ

ಒಳತಂತಿಯ ಪ್ರತಿ ಮೀಟರಿನಲ್ಲಿ +λ ಆವೇಶವೂ ಹೆಣಿಗೆಯ ಪ್ರತಿ ಮೀಟರಿನಲ್ಲಿ −λ ಆವೇಶವೂ ಇರಲಿ. r ತ್ರಿಜ್ಯದ ಉರುಳೆಯೊಂದನ್ನು ಕಲ್ಪಿಸಿಕೊಂಡು ಗೌಸನ ನಿಯಮವನ್ನು ಅನ್ವಯಿಸಿದರೆ, ತಂತಿಗೂ ಹೆಣಿಗೆಗೂ ನಡುವೆ

E = λ / (2πεr)

ಒಳತಂತಿಯಲ್ಲಿ I ಪ್ರವಾಹ ಮುಂದಕ್ಕೂ ಹೆಣಿಗೆಯಲ್ಲಿ ಅಷ್ಟೇ ಪ್ರವಾಹ ಹಿಂದಕ್ಕೂ ಹರಿಯುತ್ತಿರಲಿ. ಆಂಪಿಯರನ ನಿಯಮದಂತೆ ಅದೇ ಜಾಗದಲ್ಲಿ

B = μ₀I / (2πr)

ವಿದ್ಯುತ್ ಕ್ಷೇತ್ರದ ರೇಖೆಗಳು ತಂತಿಯಿಂದ ಹೆಣಿಗೆಗೆ ಬಂಡಿಗಾಲಿಯ ಅರಗಳಂತೆ ನೇರವಾಗಿ ಹೊರಡುತ್ತವೆ. ಕಾಂತಕ್ಷೇತ್ರದ ರೇಖೆಗಳು ಅದೇ ಗಾಲಿಯ ಪಟ್ಟಿಯಂತೆ ತಂತಿಯನ್ನು ಸುತ್ತುವರಿಯುತ್ತವೆ. ಎರಡೂ r ಹೆಚ್ಚಿದಂತೆ ಒಂದೇ ಬಗೆಯಲ್ಲಿ ಕ್ಷೀಣಿಸುತ್ತವೆ. ಈ ಸಾಮ್ಯವನ್ನು ವಿದ್ಯಾರ್ಥಿಗಳು ಗಮನಿಸುವಂತೆ ಮಾಡಬೇಕು. ಮುಂದಿನ ಫಲಿತಾಂಶವೆಲ್ಲ ಇದರ ಮೇಲೆಯೇ ನಿಂತಿದೆ.

ಹೆಣಿಗೆಯ ಹೊರಗೆ ಏನಾಗುತ್ತದೆ? ಹೊರಗಿನ ಉರುಳೆಯು ಆವರಿಸುವ ಒಟ್ಟು ಆವೇಶ +λ−λ, ಅಂದರೆ ಸೊನ್ನೆ. ಒಟ್ಟು ಪ್ರವಾಹವೂ ಸೊನ್ನೆ. ಆದುದರಿಂದ ಹೊರಗೆ ಎರಡು ಕ್ಷೇತ್ರಗಳೂ ಇಲ್ಲ. ನಿಜವಾದ ಹೆಣಿಗೆಯಲ್ಲಿ ಸಣ್ಣ ಕಿಂಡಿಗಳಿರುವುದರಿಂದ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. ಅದನ್ನು ತಗ್ಗಿಸಲೆಂದು ಹಲವು ಕೇಬಲ್‌ಗಳಲ್ಲಿ ಹೆಣಿಗೆಯ ಕೆಳಗೆ ಅಲ್ಯೂಮಿನಿಯಂ ಹಾಳೆಯನ್ನು ಸುತ್ತಿರುತ್ತಾರೆ.

ಪ್ರತಿ ಮೀಟರಿನ ಧಾರಕತೆ ಮತ್ತು ಪ್ರೇರಕತೆ

E ಅನ್ನು a ಯಿಂದ b ವರೆಗೆ ಸಂಕಲಿಸಿದರೆ ವಿಭವಾಂತರ V = (λ/2πε) ln(b/a) ಎಂದು ದೊರೆಯುತ್ತದೆ. ಧಾರಕತೆಯೆಂದರೆ λ/V. ಹೀಗಾಗಿ ಪ್ರತಿ ಮೀಟರಿಗೆ

C = 2πε / ln(b/a)

ಪ್ರೇರಕತೆಗಾಗಿ, ತಂತಿಯ ಮೇಲ್ಮೈಯಿಂದ ಹೆಣಿಗೆಯವರೆಗೆ ಚಾಚಿದ, ಒಂದು ಮೀಟರ್ ಉದ್ದದ ಆಯತವೊಂದನ್ನು ಕಲ್ಪಿಸಿಕೊಳ್ಳಬೇಕು. ಅದನ್ನು ಹಾಯುವ ಕಾಂತೀಯ ಅಭಿವಾಹ (μ₀I/2π) ln(b/a). ಅದನ್ನು I ಯಿಂದ ಭಾಗಿಸಿದರೆ

L = (μ₀/2π) ln(b/a)

ಒಂದರಲ್ಲಿ ಲಘುಗಣಕ ಕೆಳಗಿದೆ, ಇನ್ನೊಂದರಲ್ಲಿ ಮೇಲಿದೆ. ತಂತಿಯನ್ನು ತೆಳ್ಳಗೆ ಮಾಡಿದರೆ ಧಾರಕತೆ ಇಳಿಯುತ್ತದೆ, ಪ್ರೇರಕತೆ ಏರುತ್ತದೆ. ಎರಡನ್ನೂ ಗುಣಿಸಿದರೆ ಲಘುಗಣಕವೇ ಮಾಯವಾಗಿ LC = μ₀ε ಮಾತ್ರ ಉಳಿಯುತ್ತದೆ.

ಈಗ ಸಂಖ್ಯೆಗಳನ್ನು ಹಾಕೋಣ. ln 6.38 = 1.853. 2πε₀ ಎಂದರೆ ಮೀಟರಿಗೆ 55.6 ಪಿಕೊಫ್ಯಾರಡ್, μ₀/2π ಎಂದರೆ ಮೀಟರಿಗೆ 0.2 ಮೈಕ್ರೊಹೆನ್ರಿ.

C = 55.6 × 2.25 / 1.853 = 67.5 pF/m
L = 0.2 × 1.853 = 0.371 μH/m

ಮೊದಲನೆಯ ಸಂಖ್ಯೆಯನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ದೂರದ ತುದಿಯನ್ನು ತೆರೆದಿಟ್ಟು, ಈ ತುದಿಯಲ್ಲಿ ತಂತಿಗೂ ಹೆಣಿಗೆಗೂ ನಡುವಣ ಧಾರಕತೆಯನ್ನು ಅಳೆದರೆ ಹತ್ತು ಮೀಟರಿಗೆ ಸುಮಾರು 675 ಪಿಕೊಫ್ಯಾರಡ್ ಬರಬೇಕು. ಮೀಟರಿನ ಜೋಡುತಂತಿಗಳಿಗೂ ಸ್ವಲ್ಪ ಧಾರಕತೆಯಿರುವುದರಿಂದ ಕೇಬಲನ್ನು ಜೋಡಿಸುವ ಮೊದಲು ಕಾಣುವ ಬೆಲೆಯನ್ನು ಕಳೆಯುವುದು ಅಗತ್ಯ. ಮೀಟರು ಅರ್ಥವಿಲ್ಲದ ಸಂಖ್ಯೆಯನ್ನು ತೋರಿಸಿದರೆ, ತುದಿಯಲ್ಲಿ ಹೆಣಿಗೆಯ ಒಂದು ಎಳೆ ಒಳತಂತಿಗೆ ತಾಗಿರಬಹುದು. ಓಮ್ ಅಳತೆಗೆ ಬದಲಿಸಿದಾಗ ಸೊನ್ನೆಯ ಹತ್ತಿರ ಬಂದರೆ ಇದೇ ಕಾರಣವೆಂದು ತಿಳಿಯುತ್ತದೆ. ಪ್ರಯೋಗಕ್ಕೆ ಬಿಡಿ ಕೇಬಲನ್ನೇ ಬಳಸಬೇಕು. ಬಡಾವಣೆಯ ಜಾಲಕ್ಕೆ ಸೇರಿದ ಕೇಬಲಿನಲ್ಲಿ ಆಂಪ್ಲಿಫೈಯರುಗಳಿಗಾಗಿ ವಿದ್ಯುತ್ತನ್ನು ಹರಿಸಿರಬಹುದು. ಅದನ್ನು ಕತ್ತರಿಸುವುದಾಗಲಿ ಅಳೆಯುವುದಾಗಲಿ ಕೂಡದು.

ಅಲೆಯ ಮುಂಚೂಣಿ

ಇನ್ನು ಮೂಲಪ್ರಶ್ನೆಗೆ ಬರಬಹುದು. ಖಾಲಿ ಕೇಬಲಿನ ಒಂದು ತುದಿಗೆ ಬ್ಯಾಟರಿಯನ್ನು ಜೋಡಿಸಿದ ಕ್ಷಣವನ್ನು ಕಲ್ಪಿಸಿಕೊಳ್ಳೋಣ. ದೂರದ ತುದಿ ತೆರೆದಿದೆಯೇ, ಮುಚ್ಚಿದೆಯೇ ಎಂಬುದು ಬ್ಯಾಟರಿಗೆ ಆ ಕ್ಷಣದಲ್ಲಿ ತಿಳಿಯಲು ಸಾಧ್ಯವಿಲ್ಲ. ಒಣಗಿದ ಕಾಲುವೆಗೆ ತೂಬು ಎತ್ತಿದಾಗ ನೀರಿನ ಮೊನೆ ಹೇಗೆ ಮುಂದೆ ಸಾಗುವುದೋ ಹಾಗೆ V ವಿಭವವೂ I ಪ್ರವಾಹವೂ ಕೂಡಿದ ಮುಂಚೂಣಿಯೊಂದು v ವೇಗದಿಂದ ಹೊರಡುತ್ತದೆ. ಅದರ ಹಿಂದೆ ಕೇಬಲ್ ಆವೇಶಗೊಂಡಿದೆ, ಮುಂದೆ ಇನ್ನೂ ಖಾಲಿಯಿದೆ.

ಒಂದು ಸೆಕೆಂಡಿನಲ್ಲಿ ಮುಂಚೂಣಿಯು v ಮೀಟರ್ ಕೇಬಲನ್ನು ತುಂಬುತ್ತದೆ. ಪ್ರತಿ ಮೀಟರಿಗೆ CV ಆವೇಶ ಬೇಕು. ಸೆಕೆಂಡಿಗೆ ಒದಗುವ ಆವೇಶವೇ ಪ್ರವಾಹ. ಆದುದರಿಂದ

I = CvV

ಅದೇ ಸೆಕೆಂಡಿನಲ್ಲಿ ತಂತಿಗೂ ಹೆಣಿಗೆಗೂ ನಡುವೆ LI × v ನಷ್ಟು ಹೊಸ ಕಾಂತೀಯ ಅಭಿವಾಹ ಸೇರುತ್ತದೆ. ಅಭಿವಾಹ ಬದಲಾಗುವ ದರವೇ ವಿದ್ಯುಚ್ಚಾಲಕ ಬಲವೆಂದು ಫ್ಯಾರಡೆಯ ನಿಯಮ ಹೇಳುತ್ತದೆ. ಆದುದರಿಂದ

V = LvI

ಮೊದಲನೆಯ ಸಮೀಕರಣವನ್ನು ಎರಡನೆಯದರಲ್ಲಿ ಇರಿಸಿದರೆ LCv² = 1 ಎಂದಾಗುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ V/I ದೊರೆಯುತ್ತದೆ.

v = 1/√(LC)
Z₀ = V/I = √(L/C)

ಅವಕಲ ಸಮೀಕರಣಗಳಿಲ್ಲದೆಯೇ ಎರಡು ಫಲಿತಾಂಶಗಳೂ ಕೈಗೆ ಬಂದವು. ಆರ್‌ಜಿ-59 ಕೇಬಲಿಗೆ

v = 1/√(0.371×10⁻⁶ × 67.5×10⁻¹²) = 2.0×10⁸ m/s
Z₀ = √(0.371×10⁻⁶ / 67.5×10⁻¹²) = 74 Ω

ಸ್ಕ್ರೂಗೇಜಿನಿಂದ ಆರಂಭವಾದ ಲೆಕ್ಕವು ಮುದ್ರೆಯ ಎಪ್ಪತ್ತೈದರ ಪಕ್ಕಕ್ಕೆ ಬಂದು ನಿಂತಿತು. ಕೇಬಲ್ ತಯಾರಿಕೆಯಲ್ಲಿ ಒಂದೆರಡು ಓಮ್ ಹೆಚ್ಚುಕಡಿಮೆಯಾಗುವುದು ಸಹಜ.

ವೇಗದಲ್ಲಿ ಲಘುಗಣಕವಿಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ಕೇಬಲ್ ದಪ್ಪವಿರಲಿ, ತೆಳ್ಳಗಿರಲಿ, ವೇಗವನ್ನು ನಿರ್ಧರಿಸುವುದು ಪಾಲಿಥೀನ್ ಮಾತ್ರ. ಬೆಳಕಿನ ವೇಗವನ್ನು √2.25, ಅಂದರೆ 1.5ರಿಂದ ಭಾಗಿಸಿದ್ದೇ ಈ ವೇಗ. ಅಲೆಯು ಸಾಗುವುದು ತಾಮ್ರದ ಒಳಗಲ್ಲ, ತಂತಿಗೂ ಹೆಣಿಗೆಗೂ ನಡುವಣ ಬಿಳಿಯ ಪದರದಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಡ. ಇಲೆಕ್ಟ್ರಾನುಗಳೇ ಈ ವೇಗದಲ್ಲಿ ಓಡುತ್ತವೆಂಬ ತಪ್ಪು ಭಾವನೆಯನ್ನು ಈ ಹಂತದಲ್ಲಿಯೇ ತಿದ್ದಬಹುದು.

ನೂರು ನ್ಯಾನೊಸೆಕೆಂಡಿನ ಕಥೆ

ಒಂಬತ್ತು ವೋಲ್ಟಿನ ಬ್ಯಾಟರಿಗೆ 75 ಓಮ್ ರೋಧಕವೊಂದನ್ನು ಸರಣಿಯಲ್ಲಿ ಸೇರಿಸಿ, ತುದಿ ತೆರೆದ ಹತ್ತು ಮೀಟರ್ ಕೇಬಲಿಗೆ ಜೋಡಿಸಲಾಗಿದೆಯೆಂದುಕೊಳ್ಳೋಣ. ಲೆಕ್ಕದ ಸುಲಭಕ್ಕಾಗಿ Z₀ ಅನ್ನು 75 ಓಮ್ ಎಂದೇ ಹಿಡಿಯಬಹುದು.

ಸ್ವಿಚ್ ಒತ್ತಿದ ಕ್ಷಣದಲ್ಲಿ ಬ್ಯಾಟರಿಗೆ ಎದುರಾಗುವುದು ರೋಧಕದ 75 ಮತ್ತು ಕೇಬಲಿನ 75, ಒಟ್ಟು 150 ಓಮ್. ಪ್ರವಾಹ 9/150, ಅಂದರೆ 60 ಮಿಲಿಆಂಪಿಯರ್. ಕೇಬಲಿನ ಪಾಲಿಗೆ ಬರುವುದು 4.5 ವೋಲ್ಟ್. ಈ ಮುಂಚೂಣಿಯು ಹತ್ತು ಮೀಟರನ್ನು 50 ನ್ಯಾನೊಸೆಕೆಂಡಿನಲ್ಲಿ ಕ್ರಮಿಸುತ್ತದೆ. ಆವರೆಗೆ ಒಳಹೊಕ್ಕ ಆವೇಶ 60 ಮಿಲಿಆಂಪಿಯರ್ × 50 ನ್ಯಾನೊಸೆಕೆಂಡ್ = 3 ನ್ಯಾನೊಕೂಲಂಬ್. ಕೇಬಲಿನ ಒಟ್ಟು ಧಾರಕತೆಯಿಂದ ನೋಡಿದರೂ 675 ಪಿಕೊಫ್ಯಾರಡ್ × 4.5 ವೋಲ್ಟ್ ಎಂದರೆ ಮೂರು ನ್ಯಾನೊಕೂಲಂಬೇ. ಲೆಕ್ಕ ತಾಳೆಯಾಗುತ್ತದೆ.

ತೆರೆದ ತುದಿಯಲ್ಲಿ ಪ್ರವಾಹಕ್ಕೆ ಮುಂದೆ ಹೋಗಲು ದಾರಿಯಿಲ್ಲ. ಬಂದ ಆವೇಶ ಅಲ್ಲಿಯೇ ಶೇಖರವಾಗಿ ವಿಭವವು 9 ವೋಲ್ಟಿಗೆ ಏರುತ್ತದೆ. ಈ ಏರಿಕೆಯೇ ಪ್ರತಿಫಲಿತ ಅಲೆಯಾಗಿ ಹಿಂದಿರುಗುತ್ತದೆ. ಅದು ಹಾದುಹೋದಲ್ಲೆಲ್ಲ ವಿಭವ 9 ವೋಲ್ಟ್, ಪ್ರವಾಹ ಸೊನ್ನೆ. ನೂರು ನ್ಯಾನೊಸೆಕೆಂಡಿನ ಹೊತ್ತಿಗೆ ಅದು ಬ್ಯಾಟರಿಯ ತುದಿಗೆ ಮರಳುತ್ತದೆ. ಅಲ್ಲಿಗೆ ಕೇಬಲ್ ಪೂರ್ತಿಯಾಗಿ ತುಂಬಿರುತ್ತದೆ, ಪ್ರವಾಹ ನಿಲ್ಲುತ್ತದೆ. ಸರಣಿಯ ರೋಧಕವೂ 75 ಓಮ್ ಆದುದರಿಂದ ಅಲ್ಲಿ ಮತ್ತೊಂದು ಪ್ರತಿಫಲನ ಉಂಟಾಗುವುದಿಲ್ಲ.

ಎಪ್ಪತ್ತೈದು ಓಮ್ ಎಲ್ಲಿತ್ತೆಂಬ ಪ್ರಶ್ನೆಗೆ ಉತ್ತರ ಈ ನೂರು ನ್ಯಾನೊಸೆಕೆಂಡಿನಲ್ಲಿದೆ. ಮಲ್ಟಿಮೀಟರು ತನ್ನ ಬೆಲೆಯನ್ನು ತೋರಿಸುವ ಹೊತ್ತಿಗೆ ಅಲೆ ಹೋಗಿ, ಬಂದು, ಎಲ್ಲವೂ ಶಾಂತವಾಗಿರುತ್ತದೆ. ಮೀಟರಿಗೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕೆಂದು ಇಟ್ಟುಕೊಂಡರೆ, ಅದು 75 ಓಮನ್ನು ಕಾಣಲು ಹತ್ತು ಸಾವಿರ ಕಿಲೋಮೀಟರ್ ಉದ್ದದ, ರೋಧವೇ ಇಲ್ಲದ ಕೇಬಲ್ ಬೇಕಾದೀತು. ಮುದ್ರೆಯೂ ಸುಳ್ಳಲ್ಲ, ಮೀಟರೂ ಸುಳ್ಳಲ್ಲ. ಮೀಟರು ತಡವಾಗಿ ಬಂದ ಸಾಕ್ಷಿ ಮಾತ್ರ.

ಈ 75 ಓಮ್ ಕೇಬಲನ್ನು ಬಿಸಿ ಮಾಡುವುದಿಲ್ಲ. ಶಕ್ತಿಯು ಕ್ಷೇತ್ರಗಳಲ್ಲಿ ತುಂಬಿಕೊಂಡು ಮುಂದೆ ಸಾಗುತ್ತದೆ. ದೂರದ ತುದಿಯಲ್ಲಿ 75 ಓಮ್ ರೋಧಕವನ್ನು ಜೋಡಿಸಿದರೆ ಅಲೆಗೆ ಕೇಬಲ್ ಮುಗಿಯಿತೆಂಬುದೇ ತಿಳಿಯದು. ಬಂದದ್ದೆಲ್ಲ ಅದರಲ್ಲಿ ಶಾಖವಾಗಿ ಲೀನವಾಗುತ್ತದೆ, ಏನೂ ಹಿಂದಿರುಗುವುದಿಲ್ಲ. ದೂರದರ್ಶನದ ಆಂಟೆನಾ ಪ್ರವೇಶದ್ವಾರವನ್ನು 75 ಓಮ್ ಎಂದು ಗುರುತಿಸಿರುವುದು ಈ ಕಾರಣದಿಂದಲೇ.

ಕೇಬಲ್ ಜಜ್ಜಿದಾಗ

ಗೋಡೆಗೆ ಕೇಬಲನ್ನು ಬಿಗಿಯುವಾಗ ಮೊಳೆಯ ಕ್ಲಿಪ್ಪನ್ನು ಅತಿಯಾಗಿ ಹೊಡೆದರೆ ಒಳಗಿನ ಪಾಲಿಥೀನ್ ಅಮುಕುತ್ತದೆ. ಸುಲಭವಾದ ಅಂದಾಜಿಗಾಗಿ b ಸುತ್ತಲೂ 1.4 ಮಿ.ಮೀ.ಗೆ ಇಳಿಯಿತೆಂದುಕೊಂಡರೆ b/a = 4.83, ಅದರ ಲಘುಗಣಕ 1.574. ಆಗ Z₀ = (60/1.5) × 1.574 = 63 ಓಮ್. ಇಲ್ಲಿ √(L/C) ಯನ್ನೇ ಸಂಖ್ಯೆಗಳೊಡನೆ ಸಂಕ್ಷೇಪಿಸಿ (60/√εᵣ) ln(b/a) ಎಂದು ಬರೆಯಲಾಗಿದೆ. 74 ಓಮ್‌ನಿಂದ 63 ಓಮ್‌ಗೆ ದಾಟುವಲ್ಲಿ ಹಿಂದಿರುಗುವ ವಿಭವದ ಭಾಗ

(63 − 74) / (63 + 74) = −0.08

ಅಂದರೆ ನೂರಕ್ಕೆ ಎಂಟರಷ್ಟು ವಿಭವ ತಲೆಕೆಳಗಾಗಿ ಹಿಂದಿರುಗುತ್ತದೆ. ಓಮ್‌ಮೀಟರಿನಲ್ಲಿ ಈ ದೋಷದ ಸುಳಿವೂ ಸಿಗುವುದಿಲ್ಲ. ಆಸಿಲೋಸ್ಕೋಪಿನಲ್ಲಿ ಚಿಕ್ಕ ತಗ್ಗೊಂದು ಕಾಣುತ್ತದೆ. ಆ ತಗ್ಗು ಎಷ್ಟು ನ್ಯಾನೊಸೆಕೆಂಡಿನ ಬಳಿಕ ಬಂದಿತೋ ಅಷ್ಟನ್ನು ಹತ್ತರಿಂದ ಭಾಗಿಸಿದರೆ, ಜಜ್ಜಿದ ಜಾಗವು ಎಷ್ಟು ಮೀಟರ್ ದೂರದಲ್ಲಿದೆಯೆಂದು ತಿಳಿಯುತ್ತದೆ. ಹೋಗಿಬರುವ ಪ್ರಯಾಣಕ್ಕೆ ಮೀಟರಿಗೆ ಹತ್ತು ನ್ಯಾನೊಸೆಕೆಂಡ್ ಬೇಕಾಗುವುದೇ ಇದಕ್ಕೆ ಕಾರಣ.

ವಿದ್ಯಾರ್ಥಿಗಳು ಎಡವುವ ಕಡೆಗಳು

ಕ್ಯಾಲ್ಕುಲೇಟರಿನಲ್ಲಿ ln ಬದಲು log ಗುಂಡಿಯನ್ನು ಒತ್ತುವುದು ಅತ್ಯಂತ ಸಾಮಾನ್ಯವಾದ ತಪ್ಪು. ಆಗ Z₀ 32 ಓಮ್ ಎಂದು ಬರುತ್ತದೆ. ಹೀಗೆ ಬಂದ ಉತ್ತರವನ್ನು 2.303ರಿಂದ ಗುಣಿಸಿದರೆ 74 ಆಗುವುದನ್ನು ತೋರಿಸಿದರೆ ತಪ್ಪಿನ ಮೂಲ ಸ್ಪಷ್ಟವಾಗುತ್ತದೆ. ಎರಡನೆಯದಾಗಿ, ಹತ್ತು ಮೀಟರಿಗೆ 75 ಆದರೆ ಇಪ್ಪತ್ತು ಮೀಟರಿಗೆ 150 ಎಂದು ಗುಣಿಸುವವರಿದ್ದಾರೆ. L ಮತ್ತು C ಎರಡೂ ಉದ್ದದೊಂದಿಗೆ ಸಮನಾಗಿ ಬೆಳೆಯುವುದರಿಂದ ಅವುಗಳ ಭಾಗಲಬ್ಧ ಬದಲಾಗದು.

ಈ ಸೂತ್ರಗಳಿಗೂ ಮಿತಿಯಿದೆ. ಪ್ರವಾಹವು ತಂತಿಯ ಮೇಲ್ಮೈಯಲ್ಲಿಯೇ ಹರಿಯುತ್ತದೆಂದೂ ತಾಮ್ರದ ರೋಧ ನಗಣ್ಯವೆಂದೂ ಇಲ್ಲಿ ಭಾವಿಸಲಾಗಿದೆ. ದೂರದರ್ಶನದ ಮೆಗಾಹರ್ಟ್ಸ್ ಆವೃತ್ತಿಗಳಲ್ಲಿ ಇದು ಸರಿ. ಧ್ವನಿಯ ಆವೃತ್ತಿಗಳಲ್ಲಿ ರೋಧವೇ ಪ್ರಬಲವಾಗುವುದರಿಂದ ಅಲ್ಲಿ 75 ಓಮ್ ಎಂಬ ಬೆಲೆಗೆ ಅರ್ಥವಿಲ್ಲ.

ಮೌಲ್ಯಮಾಪನ

1. ಹತ್ತು ಮೀಟರ್ ಉದ್ದದ ಆರ್‌ಜಿ-59 ಕೇಬಲಿನ ಒಳತಂತಿ ನಡುವೆಲ್ಲೋ ತುಂಡಾಗಿದೆ. ಒಂದು ತುದಿಯಿಂದ ಧಾರಕತೆ 405 ಪಿಕೊಫ್ಯಾರಡ್ ಬಂದರೆ ತುಂಡಾದ ಜಾಗ ಎಲ್ಲಿ? ಇನ್ನೊಂದು ತುದಿಯಿಂದ ಅಳೆದರೆ ಎಷ್ಟು ಬರಬೇಕು?
ಉತ್ತರ: 405/67.5 = 6 ಮೀಟರ್ ದೂರದಲ್ಲಿ. ಇನ್ನೊಂದು ತುದಿಯಿಂದ 270 ಪಿಕೊಫ್ಯಾರಡ್. ಎರಡರ ಮೊತ್ತ 675 ಬಾರದಿದ್ದರೆ ಅಳತೆಯಲ್ಲಿ ತಪ್ಪಿದೆ, ಇಲ್ಲವೆ ಒಂದಕ್ಕಿಂತ ಹೆಚ್ಚು ಕಡೆ ತುಂಡಾಗಿದೆ.

2. ಅದೇ a ಮತ್ತು b ಇಟ್ಟು ಪಾಲಿಥೀನಿನ ಬದಲು ಗಾಳಿಯನ್ನು ತುಂಬಿದರೆ ವೇಗ ಮತ್ತು ಪ್ರತಿಬಾಧೆ ಎಷ್ಟಾಗುತ್ತವೆ?
ಉತ್ತರ: ಎರಡೂ 1.5 ಪಟ್ಟು ಹೆಚ್ಚುತ್ತವೆ. ವೇಗ 3.0×10⁸ m/s, ಪ್ರತಿಬಾಧೆ 111 ಓಮ್.

3. ಕೇಬಲಿನ ದೂರದ ತುದಿಯಲ್ಲಿ 75 ಓಮ್ ರೋಧಕವನ್ನು ಜೋಡಿಸಿ ಓಮ್‌ಮೀಟರಿನಿಂದ ಅಳೆದರೆ 75ರ ಹತ್ತಿರದ ಬೆಲೆ ಕಾಣುತ್ತದೆ. ಇದು ಕೇಬಲಿನ 75 ಓಮೇ?
ಉತ್ತರ: ಅಲ್ಲ. ಮೀಟರು ತೋರಿಸುವುದು ತುದಿಯ ರೋಧಕವನ್ನೂ ತಂತಿಗಳ ಅಲ್ಪ ರೋಧವನ್ನೂ ಮಾತ್ರ. ರೋಧಕವನ್ನು ತೆಗೆದು 50 ಓಮಿನದನ್ನು ಹಾಕಿದರೆ ಮೀಟರು 50ರ ಹತ್ತಿರಕ್ಕೆ ಬರುತ್ತದೆ. ಕೇಬಲಿನ ಲಾಕ್ಷಣಿಕ ಪ್ರತಿಬಾಧೆಯು ಮಾತ್ರ 75 ಆಗಿಯೇ ಉಳಿಯುತ್ತದೆ.

ಮೂರನೆಯ ಪ್ರಶ್ನೆಗೆ ವಿದ್ಯಾರ್ಥಿಯು ತನ್ನ ಮಾತಿನಲ್ಲಿ ಸರಿಯಾದ ಉತ್ತರ ಕೊಟ್ಟರೆ, ರೋಧ ಮತ್ತು ಪ್ರತಿಬಾಧೆಗಳ ಭೇದ ಅವನಿಗೆ ತಿಳಿದಿದೆಯೆಂದು ಶಿಕ್ಷಕರು ಭಾವಿಸಬಹುದು. ತಡವರಿಸಿದರೆ ನೂರು ನ್ಯಾನೊಸೆಕೆಂಡಿನ ಲೆಕ್ಕವನ್ನು ಅವನ ಕೈಯಿಂದಲೇ ಕರಿಹಲಗೆಯ ಮೇಲೆ ಇನ್ನೊಮ್ಮೆ ಮಾಡಿಸಬೇಕು.